ನಾಲ್ಕನೇ ದಿನದ ಸಹಿ

ಅಮ್ಮ ತೀರಿಕೊಂಡ ಮೇಲೆ ಅವಳ ಮನೆ ಖಾಲಿ ಮಾಡಿ, ಅಕ್ಕ ತಮ್ಮ ಇಬ್ಬರೂ ಒಂದೇ ವಿಮಾನದಲ್ಲಿ ಮರಳಿದರು. ಇಬ್ಬರಿಗೂ ಸೇರಿ ಒಂದೇ ದೊಡ್ಡ ಬ್ಯಾಗು, ಅದರ ಟ್ಯಾಗು ಅಕ್ಕನ ಹೆಸರಿನಲ್ಲಿ. ಇಳಿದ ಮೇಲೆ ಸಾಮಾನಿನ ಬೆಲ್ಟು ಸುತ್ತಿ ಸುತ್ತಿ ನಿಂತಿತು, ಬ್ಯಾಗು ಮಾತ್ರ ಬರಲಿಲ್ಲ. ನಿಲ್ದಾಣದಲ್ಲೇ ವರದಿ ಬರೆಸುವಾಗ ತಮ್ಮ, "ನೀನು ಹಗಲೆಲ್ಲ ಪ್ರೆಸ್ಸಲ್ಲಿರ್ತೀಯ. ನನ್ನ ವಿಳಾಸ, ನನ್ನ ನಂಬರ್ ಕೊಡೋಣ, ಮುಂದಿನದು ನಾನು ನೋಡ್ಕೋತೀನಿ" ಅಂದ.

ಇಪ್ಪತ್ತೊಂದು ದಿನ ಕಳೆದವು. ಇನ್ನು ಅದು ಕಳೆದುಹೋದದ್ದೆಂದೇ ಲೆಕ್ಕ ಎಂದು ತಮ್ಮ ಹೇಳಿದ ಮೇಲೆ ಅಕ್ಕ ವಿಮಾನ ಕಂಪನಿಗೆ ದೂರು ಬರೆಯಲು ಕೂತಳು. ಮುದ್ರಣಾಲಯದಲ್ಲಿ ಕರಡು ತಿದ್ದುವ ಕೈ. ಒಂದೂ ತಾರೀಕು ಆಚೀಚೆ ಆಗುವಂತಿರಲಿಲ್ಲ.

"ತಾ. 6, ಸಂಜೆ 5.40: ವಿಮಾನ ಇಳಿಯಿತು. 6.25: ನಿಮ್ಮ ಕೌಂಟರಿನಲ್ಲಿ ವರದಿ ದಾಖಲಾಯಿತು. ತಾ. 11 ಮತ್ತು 17: ನನ್ನ ತಮ್ಮ ಫೋನ್ ಮಾಡಿದಾಗ, ಇನ್ನೂ ಹುಡುಕುತ್ತಿದ್ದೇವೆ ಎಂಬ ಉತ್ತರ."

ಟ್ಯಾಗಿನ ತುಂಡು, ಬೋರ್ಡಿಂಗ್ ಪಾಸು, ವರದಿಯ ಪ್ರತಿ, ಮೊದಲ ವಾರ ಬಟ್ಟೆಬರೆಗೆ ಖರ್ಚಾದದ್ದರ ರಸೀತಿ, ಬ್ಯಾಗಿನಲ್ಲಿದ್ದ ಕೋಟು, ಶೂಗಳಿಗೆ ತಮ್ಮ ಹುಡುಕಿ ಕೊಟ್ಟ ಹಳೆಯ ಬಿಲ್ಲು, ಎಲ್ಲ ಲಗತ್ತಿಸಿದಳು. ಕೇಳಿದ ಪರಿಹಾರ ಎಂಬತ್ತೆರಡು ಸಾವಿರ. ಪಟ್ಟಿಯ ಕೊನೆಗೆ "ನನ್ನ ತಾಯಿ ಹೆಣೆದ ಶಾಲು, ಇದಕ್ಕೆ ಬೆಲೆ ಕೇಳುತ್ತಿಲ್ಲ" ಎಂದು ಬರೆದವಳು ಪೆನ್ನು ಕೆಳಗಿಟ್ಟು ಅತ್ತುಬಿಟ್ಟಳು.

ಪಕ್ಕದಲ್ಲಿದ್ದ ತಮ್ಮ ಬೆನ್ನು ಸವರಿದ. "ಬಿಡಕ್ಕ, ಹೋದದ್ದು ಹೋಯ್ತು."

ಕಂಪನಿಯ ಉತ್ತರ ಒಂಬತ್ತು ದಿನಕ್ಕೆ ಅವಳ ಇಮೇಲಿಗೆ ಬಂತು. ಬ್ಯಾಗನ್ನು ತಾ. 9ರಂದೇ ಕೊಟ್ಟ ವಿಳಾಸಕ್ಕೆ ತಲುಪಿಸಿದ್ದೇವೆ, ರಸೀತಿ ಲಗತ್ತಿಸಿದೆ, ದಯವಿಟ್ಟು ವಿವರಣೆ ಕೊಡಿ. ರಸೀತಿಯ ಕೆಳಗೆ ತಮ್ಮನ ಸಹಿ. ಅವಳು ಮತ್ತೆ ಮತ್ತೆ ನೋಡಿದಳು. ಬೇರೆ ಯಾರದ್ದೋ ಆಗಿರಬಾರದೇ ಅನ್ನಿಸಿತು.

ಅದನ್ನು ಮುದ್ರಿಸಿಕೊಂಡು ಅವನ ಮನೆಗೆ ಹೋದಳು. ಕಾಗದ ನೋಡುತ್ತಲೇ ಅವನ ಮುಖ ಬಿಳುಚಿತು.

"ಹೇಳೋಣ ಅಂತಲೇ ಇದ್ದೆ."

"ಯಾವಾಗ? ದುಡ್ಡು ಬಂದ ಮೇಲಾ?"

"ಅಷ್ಟು ದೊಡ್ಡ ಕಂಪನಿ ಅಕ್ಕ. ಸಮುದ್ರದಿಂದ ಒಂದು ಚೊಂಬು ನೀರು ತೆಗೆದ್ರೆ ಯಾರಿಗೆ ಗೊತ್ತಾಗುತ್ತೆ? ನಿನಗೂ ಅರ್ಧ ಕೊಡ್ತಿದ್ದೆ."

"ಕಂಪನಿ ಮನೆ ಹಾಳಾಗಲಿ. ನೀನು ಸುಳ್ಳಿನ ಕೆಳಗೆ ನನ್ನ ಹೆಸರು ಬರೆಸಿದೆ. ನಾನು ಅಳೋವಾಗ ಶಾಲು ಈ ಮನೇಲೇ ಇತ್ತು. ನೀನು ನನ್ನ ಬೆನ್ನು ಸವರ್ತಾ ಕೂತಿದ್ದೆ."

ಅವನು ಒಳಗೆ ಹೋಗಿ ಶಾಲು ತಂದುಕೊಟ್ಟ. ಒಗೆದು ಮಡಿಸಿಟ್ಟಿದ್ದ, ಸಾಬೂನಿನ ವಾಸನೆ ಬಿಟ್ಟರೆ ಅದರಲ್ಲಿ ಅಮ್ಮನದೇನೂ ಉಳಿದಿರಲಿಲ್ಲ.

"ಬ್ಯಾಗು ಬಂದದ್ದು ಹೇಳೋಕೆ ತಮ್ಮ ಮರೆತಿದ್ದ ಅಂತ ಬರಿ, ಅಕ್ಕ. ನನ್ನ ಮಾನ ಉಳಿಸು."

ಅವಳು ಶಾಲು ಎತ್ತಿಕೊಂಡು ಮೆಟ್ಟಿಲಿಳಿದಳು. ಮನೆಗೆ ಬಂದವಳೇ ಕಂಪನಿಗೆ ಬರೆದಳು: "ಬ್ಯಾಗನ್ನು ನನ್ನ ತಮ್ಮ ಪಡೆದಿದ್ದಾನೆ. ಅದನ್ನು ಅವನು ನನ್ನಿಂದ ಮುಚ್ಚಿಟ್ಟಿದ್ದ. ಪರಿಹಾರದ ಕೋರಿಕೆಯನ್ನು ಪೂರ್ತಿ ಹಿಂತೆಗೆದುಕೊಳ್ಳುತ್ತೇನೆ. ಕ್ಷಮೆಯಿರಲಿ."

ಫೈಲು ಮುಚ್ಚಿದೆವೆಂದು ಎರಡು ಸಾಲಿನ ಉತ್ತರ ಬಂತು. ಆ ವಾರ ತಮ್ಮ ಮೂರು ಸಲ ಫೋನ್ ಮಾಡಿದ, ಅವಳು ಎತ್ತಲಿಲ್ಲ. ನಾಲ್ಕನೇ ಸಲ ಎತ್ತಿ, ಅಮ್ಮನ ಮನೆಯ ಕೊನೆಯ ನೀರಿನ ಬಿಲ್ಲು ಕಟ್ಟಿಯಾಯಿತೆಂದಷ್ಟೇ ಹೇಳಿ, ಫೋನ್ ಇಟ್ಟಳು.