ಮೂರೂವರೆ ಅಡಿಯ ಜನ

ಸಮಾರಂಭದ ವೇದಿಕೆ ಹೇಗೆ ಕಾಣುತ್ತದೆಂದು ಕಂಪ್ಯೂಟರಿನಲ್ಲಿ ಮೊದಲೇ ಚಿತ್ರ ಮಾಡಿ ತೋರಿಸುವುದು ಅವಳ ಕೆಲಸ. ಈ ಸಲದ ಚಿತ್ರದಲ್ಲಿ ಹನ್ನೆರಡು ಅಡಿ ಎತ್ತರದ ಟ್ರಸ್ ಎಂಬ ಕಬ್ಬಿಣದ ಚೌಕಟ್ಟು, ಅದರಲ್ಲಿ ಆರು ಸ್ಪಾಟ್‌ಲೈಟು, ಹಿಂದೆ ಸಮಾರಂಭ ಮಾಡಿಸುವ ಕಂಪನಿಯ ಹೆಸರಿನ ಬ್ಯಾನರು, ಅಳತೆ ತಿಳಿಯಲೆಂದು ಐದೂವರೆ ಅಡಿಯ ಜನ. ಎಲ್ಲವೂ ಸರಿಯಾಗಿತ್ತು, ಅದೇ ತಪ್ಪಾಯಿತು.

“ಏನಮ್ಮಾ, ಇದು ವೇದಿಕೆನೋ ಬಸ್‌ಸ್ಟಾಪೋ?” ಎಂದರು ಚಿತ್ರ ನೋಡಿದ ಕಂಪನಿಯ ಯಜಮಾನರು. “ಭವ್ಯವಾಗಿರ್ಬೇಕು!”

“ಹಾಲ್‌ನ ಚಾವಣಿನೇ ಹದಿಮೂರು ಅಡಿ ಸರ್. ಟ್ರಸ್ ಇನ್ನಷ್ಟು ಏರಿಸೋಕಾಗಲ್ಲ.”

ಅವರ ಮ್ಯಾನೇಜರು ಮಹಾ ಬುದ್ಧಿವಂತ. “ಹಾಗಾದ್ರೆ ಚಿತ್ರದಲ್ಲಿರೋ ಜನರನ್ನ ಚಿಕ್ಕದು ಮಾಡಿ” ಎಂದು ಅವಳ ಕಿವಿಯಲ್ಲಿ ಉಸುರಿದ.

ಅವಳು ಹಲ್ಲು ಕಚ್ಚಿಕೊಂಡು ಜನರನ್ನು ಮೂರೂವರೆ ಅಡಿಗೆ ಇಳಿಸಿದಳು. ವೇದಿಕೆ ಅರಮನೆಯಾಯಿತು. ಯಜಮಾನರು ಹಿರಿಹಿರಿ ಹಿಗ್ಗಿ, “ಬ್ಯಾನರಿನಲ್ಲಿ ಕಂಪನಿ ಹೆಸರು ತುಂಬಾ ಮೇಲಿದೆ, ತಲೆಗಳ ಹತ್ತಿರಕ್ಕೆ ಇಳಿಸಿ” ಎಂದರು.

“ನಿಜವಾದ ಜನ ಅಡ್ಡ ಬರ್ತಾರೆ ಸರ್.”

“ಚಿತ್ರದಲ್ಲಿ ಬರ್ತಿಲ್ವಲ್ಲ!”

ಸಮಾರಂಭದ ದಿನ ಯಜಮಾನರು ಒಂದು ಗಂಟೆ ಭಾಷಣ ಬಿಗಿದರು. ಆರು ಸ್ಪಾಟ್‌ಲೈಟುಗಳೂ ನಿಯತ್ತಿನಿಂದ ಅವರ ಬೋಳುತಲೆಯನ್ನು ಬೆಳಗಿದವು. ಒಂದು ಫೋಟೋದಲ್ಲೂ ಕಂಪನಿಯ ಹೆಸರು ಪೂರ್ತಿ ಕಾಣಲಿಲ್ಲ.

“ವೇದಿಕೆ ಕುಗ್ಗಿಸಿಬಿಟ್ಟಿದ್ದೀರ!” ಎಂದು ಅವರು ಕೂಗಾಡಿದರು.

ಅವಳು ಟೇಪು ಹಿಡಿದು ತೋರಿಸಿದಳು. ಸರಿಯಾಗಿ ಹನ್ನೆರಡು ಅಡಿ. “ವೇದಿಕೆ ಅಷ್ಟೇ ಇದೆ ಸರ್. ಚಿತ್ರದಲ್ಲಿ ಜನ ಮೂರೂವರೆ ಅಡಿ ಇದ್ರು.”

ಯಜಮಾನರು ಗಂಭೀರವಾಗಿ ಯೋಚಿಸಿ ಮ್ಯಾನೇಜರನ ಕಡೆ ತಿರುಗಿದರು.

“ಮುಂದಿನ ವರ್ಷ ಅಂಥೋರನ್ನೇ ಕರೀರಿ.”