ಫಾರ್ಮು ತುಂಬುವ ಕೊನೆಯ ದಿನ

ಪ್ರೀತಿಯ ಸುಹಾಸನಿಗೆ, ಎಂದು ಬರೆದು ವಿನೋದಿನಿ ಪೆನ್ನು ಎತ್ತಿದಳು. ಹೀಗೆ ಅವನನ್ನು ಯಾರೂ ಯಾವತ್ತೂ ಕರೆದಿರಲಿಲ್ಲ. ಅವರ ಮನೆಯಲ್ಲಿ ಪ್ರೀತಿ ಎನ್ನುವುದು ಊಟ ಆಯಿತಾ ಎಂದು ಕೇಳುವುದರಲ್ಲೇ ಮುಗಿಯುತ್ತಿತ್ತು. 'ಪ್ರೀತಿಯ' ಹೊಡೆದುಹಾಕಿದಳು. ಬರೀ 'ಸುಹಾಸನಿಗೆ' ಎನ್ನುವುದು ನೋಟಿಸಿನ ಹಾಗೆ ಕಂಡಿತು. ಇರಲಿ ಎಂದುಕೊಂಡಳು.

ಊಟದ ಹೊತ್ತು. ವಿಲೆ ಪಾರ್ಲೆಯ ಆ ಇಂಜಿನಿಯರಿಂಗ್ ಕಾಲೇಜಿನ ಪರೀಕ್ಷಾ ವಿಭಾಗದಲ್ಲಿ ಅವಳೊಬ್ಬಳೇ ಕುಳಿತಿದ್ದಳು. ಕೌಂಟರಿನ ಗಾಜಿನಾಚೆ ವಿದ್ಯಾರ್ಥಿಗಳ ಸಾಲು ಆಗಲೇ ಬೆಳೆಯುತ್ತಿತ್ತು. ಏಳನೆಯ ಸೆಮಿಸ್ಟರಿನ ಪರೀಕ್ಷಾ ಫಾರ್ಮು ತುಂಬಲು ಇವತ್ತೇ ಕೊನೆ. ಎರಡು ಸಲ ಮುಂದೂಡಿ ಆಗಿತ್ತು. ಇನ್ನು ಮುಂದೂಡುವುದಿಲ್ಲ ಎಂಬ ಸುತ್ತೋಲೆಯನ್ನು ಬೆಳಿಗ್ಗೆ ಅವಳೇ ಗಾಜಿಗೆ ಅಂಟಿಸಿದ್ದಳು.

ತಮ್ಮ ಸುಹಾಸ ಓದುತ್ತಿದ್ದದ್ದು ಬೇರೆ ಕಾಲೇಜಿನಲ್ಲಿ. ವಿಶ್ವವಿದ್ಯಾಲಯ ಒಂದೇ, ಗಡುವೂ ಒಂದೇ. ಹತ್ತು ದಿನದ ಹಿಂದೆ ಪ್ರಾಜೆಕ್ಟ್ ಕೆಲಸವಿದೆ ಎಂದು ಚೆಂಬೂರಿನ ಮನೆಯಿಂದ ಬ್ಯಾಗು ಎತ್ತಿಕೊಂಡು ಬೊರಿವಲಿಯಲ್ಲಿ ಗೆಳೆಯ ಚೇತನನ ರೂಮಿಗೆ ಹೋಗಿದ್ದ. ನಾಲ್ಕು ದಿನದ ಹಿಂದೆ ಒಂದು ಮೆಸೇಜು ಬಂತು. 'ಅಕ್ಕ, ನಾನು ಕಾಲೇಜು ಬಿಡ್ತೇನೆ. ಅಪ್ಪನಿಗೆ ನೀನೇ ಹೇಳು.' ಆಮೇಲೆ ಫೋನ್ ಎತ್ತಲಿಲ್ಲ. ಅವಳು ಕಳಿಸಿದ್ದನ್ನು ಓದಲೂ ಇಲ್ಲ.

ಅದಕ್ಕೇ ಕಾಗದ. ಕೈಗೆ ಕೊಟ್ಟ ಕಾಗದವನ್ನು ಬಿಡಿಸಿಯಾದರೂ ನೋಡಬೇಕಾಗುತ್ತದೆ. ಕನ್ನಡದಲ್ಲಿ ಬರೆದರೆ ರೂಮಿನಲ್ಲಿ ಬೇರೆಯವರಿಗೆ ಓದಲು ಬರುವುದಿಲ್ಲ. ಸುಹಾಸನಿಗೂ ಅಷ್ಟಕ್ಕಷ್ಟೇ. ಅವಳು ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಕಲಿತವಳು. ಹನ್ನೊಂದು ವರ್ಷ ಕಳೆದು ಹುಟ್ಟಿದ ಅವನು ಇಂಗ್ಲಿಷ್ ಮೀಡಿಯಂ. ಅಪ್ಪ ಚೆನ್ನಯ, ತಾವು ದುಡಿಯುವ ಹೋಟೆಲಿಗೆ ರಜೆಯಿದ್ದ ದಿನ, ಪೇಪರು ಹಿಡಿದು ಅವನಿಗೆ ಅಕ್ಷರ ಕಲಿಸಿದ್ದರು.

ಬರೆಯತೊಡಗಿದ ಮೇಲೆ ಕೈ ತಾನಾಗಿ ಓಡಿತು.

'ನೀನು ಬಿಡುವುದಾದರೂ ಬಿಡುವ ಕ್ರಮ ಗೊತ್ತಿರಲಿ. ಈಗ ಬಿಟ್ಟರೆ ನಿನ್ನ ಕೈಯಲ್ಲಿ ಉಳಿಯುವುದು ಆರು ಸೆಮಿಸ್ಟರಿನ ಮಾರ್ಕ್ಸ್‌ಕಾರ್ಡು ಮಾತ್ರ. ಹೊರಗೆ ನೀನು ಹನ್ನೆರಡನೆಯ ಕ್ಲಾಸು ಪಾಸಾದವನು. ಆ ಹನ್ನೆರಡನೆಯ ಸರ್ಟಿಫಿಕೇಟೂ ಕಾಲೇಜಿನಲ್ಲಿದೆ. ಅದನ್ನು ಬಿಡಿಸಿಕೊಳ್ಳಲು ಲೈಬ್ರರಿ, ವರ್ಕ್‌ಶಾಪು, ಎಲ್ಲ ಲ್ಯಾಬುಗಳಿಂದ ಬಾಕಿ ಇಲ್ಲವೆಂದು ಸಹಿ ತರಬೇಕು.

'ಅದರ ಬದಲು ಹೀಗೆ ಮಾಡು. ಇವತ್ತು ರಾತ್ರಿ ಹನ್ನೆರಡರ ಒಳಗೆ ಫಾರ್ಮು ತುಂಬು. ಏಳನೆಯದಕ್ಕೆ ಒಂದು, ಐದನೆಯದರಲ್ಲಿ ಫೇಲಾಗಿ ಬಾಕಿ ಉಳಿದ ಥರ್ಮಲ್ ಪೇಪರಿನ ಕೇಟಿಗೆ ಇನ್ನೊಂದು. ಲ್ಯಾಬಿನ ಜರ್ನಲ್ ಸಬ್‌ಮಿಟ್ ಮಾಡು, ಪ್ರಾಜೆಕ್ಟಿನ ಮೊದಲ ಹಂತ ತೋರಿಸು. ಆಗ ಟರ್ಮ್ ಗ್ರಾಂಟ್ ಆಗುತ್ತದೆ, ಅಂದರೆ ಈ ಸೆಮಿಸ್ಟರಿನ ಹಾಜರಿ, ಕೆಲಸ ಎಲ್ಲ ಮುಗಿದ ಲೆಕ್ಕ. ಒಮ್ಮೆ ಗ್ರಾಂಟ್ ಆದರೆ ಪರೀಕ್ಷೆಗೆ ಕೂರದಿದ್ದರೂ ಚಿಂತೆಯಿಲ್ಲ. ಮತ್ತೆ ಕ್ಲಾಸಿಗೆ ಬರದೆ, ನಂತರದ ಯಾವ ಸಲವಾದರೂ ಬರೆಯಬಹುದು. ಗ್ರಾಂಟ್ ಆಗದೆ ಬಿಟ್ಟರೆ ಮುಂದಿನ ವರ್ಷ ಮತ್ತೆ ಅಡ್ಮಿಶನ್, ಮತ್ತೆ ಹಾಜರಿ. ಸಿಲಬಸ್ ಬದಲಾಗಿದ್ದರೆ ಬೇರೆ ಪೇಪರು.

'ಹಾಜರಿ ಐವತ್ತೆಂಟು ಪರ್ಸೆಂಟು ಎಂದು ಅಮ್ಮನಿಗೆ ಹೇಳಿದ್ದೆಯಂತೆ. ಎಪ್ಪತ್ತೈದು ಬೇಕು. ಡಾಕ್ಟರ ಸರ್ಟಿಫಿಕೇಟು ಇದ್ದರೆ ವಿಭಾಗದ ಮುಖ್ಯಸ್ಥರು ರಿಯಾಯಿತಿಗೆ ಬರೆಯಬಹುದು. ಸುಳ್ಳು ಸರ್ಟಿಫಿಕೇಟು ಬೇಡ. ನಿಜವಾಗಿಯೂ ಡಾಕ್ಟರ ಹತ್ತಿರ ಹೋಗೋಣ. ನಿದ್ರೆ ಬರುವುದಿಲ್ಲ ಅಂದಿದ್ದೆಯಲ್ಲ. ನಿನ್ನ ಭವಿಷ್ಯದ ದೃಷ್ಟಿಯಿಂದ ಹೇಳುತ್ತಿದ್ದೇನೆ.'

ಓದಿ ನೋಡಿದಳು. ಒಂದೂ ತಪ್ಪಿರಲಿಲ್ಲ. ಹತ್ತು ವರ್ಷದಿಂದ ಈ ಗಾಜಿನ ಹಿಂದೆ ಕುಳಿತು ಇದನ್ನೇ ಹೇಳುತ್ತ ಬಂದಿದ್ದಳು. ಯಾರ ಮುಖವೂ ನೆನಪಿರಲಿಲ್ಲ, ಸೀಟ್ ನಂಬರುಗಳು ನೆನಪಿದ್ದವು.

ಇನ್ನೊಂದು ಹಾಳೆ ತೆಗೆದುಕೊಂಡಳು. ಯಾಕೆಂದು ಅವಳಿಗೆ ಗೊತ್ತಿರಲಿಲ್ಲ.

'ನಾನು ಮುಗಿಸಿದೆ. ಎಲೆಕ್ಟ್ರಾನಿಕ್ಸ್, ಫಸ್ಟ್ ಕ್ಲಾಸು. ಅವತ್ತು ಅಪ್ಪ ಹೋಟೆಲಿನಲ್ಲಿ ಎಲ್ಲರಿಗೂ ಶೀರಾ ಕೊಡಿಸಿದರು. ಆಮೇಲೆ ನಾನು ಒಂದು ಸರ್ಕ್ಯೂಟೂ ಮುಟ್ಟಲಿಲ್ಲ. ಬಿಟ್ಟಿದ್ದರೆ ಏನಾಗುತ್ತಿತ್ತೋ ಗೊತ್ತಿಲ್ಲ. ಬಿಡಬಹುದು ಎಂಬುದೇ ನನಗೆ ಹೊಳೆದಿರಲಿಲ್ಲ. ನೀನು ಬಿಡುತ್ತೇನೆ ಅಂದಾಗ ನನಗೆ ಸಿಟ್ಟು ಬಂದದ್ದು ನಿನಗಾಗಿ ಅಲ್ಲ.'

ಗಾಜಿನಾಚೆ ಯಾರೋ ಬೆರಳಿನಿಂದ ತಟ್ಟಿದರು. ಎರಡು ಗಂಟೆಯಾಗಿತ್ತು. ಎರಡನೆಯ ಹಾಳೆಯನ್ನು ಮಡಚಿ ಪರ್ಸಿನ ತಳಕ್ಕೆ ತುರುಕಿ, ಮೊದಲನೆಯದನ್ನು ಕಾಲೇಜಿನ ಹೆಸರು ಅಚ್ಚಾದ ಲಕೋಟೆಗೆ ಹಾಕಿದಳು.

ನಾಲ್ಕೂವರೆಗೆ ಆಫೀಸಿನಲ್ಲಿ ಹೇಳಿ ಹೊರಟಳು. ಬೊರಿವಲಿಯ ಸ್ಲೋ ಲೋಕಲ್ ರೈಲಿನಲ್ಲಿ ನಿಂತೇ ಹೋದಳು. ಕಾಂದಿವಲಿ ಬಂದಾಗ ಅಮ್ಮನ ಫೋನು ಬಂತು.

"ಸಿಕ್ಕಿದನಾ?"

"ಹೋಗ್ತಾ ಇದ್ದೇನೆ ಅಮ್ಮ."

"ಫಾರ್ಮ್ ತುಂಬಿಸು ಒಂದು. ಮತ್ತೆ ನೋಡುವ. ನಿನ್ನ ಅಪ್ಪನಿಗೆ ಎಂತದೂ ಗೊತ್ತಿಲ್ಲ. ಇವತ್ತು ಸಹ ಯಾರೋ ಗಿರಾಕಿಯ ಹತ್ರ ಮಗನದ್ದು ಲಾಸ್ಟ್ ಇಯರ್ ಅಂತ ಹೇಳ್ತಾ ಇದ್ರಂತೆ."

"ಆಯ್ತು."

"ಅವ ಊಟ ಮಾಡಿದನಾ ಕೇಳು."

ಮೂರನೆಯ ಮಹಡಿಯ ಬಾಗಿಲನ್ನು ಚೇತನ ತೆರೆದ. ತೆಳ್ಳಗಿನ, ನಾಚಿಕೆಯ ಹುಡುಗ, ಸುಹಾಸನ ಕ್ಲಾಸಿನವನು; ಕನ್ನಡ ಮಾತಾಡುತ್ತಿದ್ದ, ಓದಲು ಬರುತ್ತಿರಲಿಲ್ಲ. ಒಳಗೆ ಬೆರಳು ತೋರಿಸಿ ತಾನು ಅಡಿಗೆಮನೆಗೆ ಸರಿದ.

ಸುಹಾಸ ಗೋಡೆಗೆ ಒರಗಿ ಹಾಸಿಗೆಯ ಮೇಲೆ ಕುಳಿತಿದ್ದ. ಗಡ್ಡ ಬಂದಿತ್ತು. ಅವಳನ್ನು ಕಂಡು ಆಶ್ಚರ್ಯವಾದಂತೆ ಕಾಣಲಿಲ್ಲ.

"ಊಟ ಆಯ್ತಾ?" ಎಂದಳು.

"ಆಯ್ತು."

"ಎಂತ ತಿಂದೆ?"

ಅವನು ಯೋಚಿಸಿದ. "ನೆನಪಿಲ್ಲ."

ಲಕೋಟೆ ಕೊಟ್ಟಳು. ಅವನು ಬಿಡಿಸಿ, ಕನ್ನಡ ಎಂದು ಕಂಡು ಅವಳ ಮುಖ ನೋಡಿದ. ಆಮೇಲೆ ಬೆರಳಿಟ್ಟು ಗಟ್ಟಿಯಾಗಿ ಓದತೊಡಗಿದ, ಅಪ್ಪನ ಎದುರು ಪೇಪರು ಓದುತ್ತಿದ್ದ ಹಾಗೆ. ಒಂದೊಂದು ಶಬ್ದವೂ ತಡವರಿಸಿ ಬಂತು. ಮನಸ್ಸಿನಲ್ಲೇ ಓದು ಎನ್ನಲು ಅವಳಿಗೆ ಬಾಯಿ ಬರಲಿಲ್ಲ. ಟರ್ಮ್ ಗ್ರಾಂಟ್, ರಿಯಾಯಿತಿ, ಸಬ್‌ಮಿಟ್. ಅವಳ ವಾಕ್ಯಗಳು ಅವನ ಬಾಯಿಂದ ಬಿಡಿಬಿಡಿ ಅಕ್ಷರಗಳಾಗಿ ಉದುರಿದವು. ಅವು ಇಷ್ಟು ಉದ್ದ ಇವೆಯೆಂದು ಬರೆಯುವಾಗ ಅನ್ನಿಸಿರಲಿಲ್ಲ.

"ನಿದ್ರೆ... ಬರು...ವುದಿಲ್ಲ... ಅಂದಿದ್ದೆ...ಯಲ್ಲ." ನಿಲ್ಲಿಸಿದ. "ಇದು ನಾನು ಯಾವಾಗ ಹೇಳಿದ್ದು?"

"ಮೇ ತಿಂಗಳಲ್ಲಿ."

"ನೀನು ಆವಾಗ ಎಂತ ಹೇಳಿದೆ?"

ಅವಳಿಗೆ ನೆನಪಾಗಲಿಲ್ಲ.

"ಎಕ್ಸಾಮ್ ಮುಗೀಲಿ ಅಂದೆ." ಅವನ ದನಿಯಲ್ಲಿ ದೂರು ಇರಲಿಲ್ಲ. ಮತ್ತೆ ಬೆರಳಿಟ್ಟ. "ನಿನ್ನ ಭ...ವಿ... ಇದು ಯಾವ ಅಕ್ಷರ ಅಕ್ಕ?"

"ಷ್ಯ. ಭವಿಷ್ಯ."

"ಅಂದ್ರೆ?"

"ಫ್ಯೂಚರ್."

"ಅಚ್ಛಾ." ಹಾಳೆಯನ್ನು ಅದರ ಮಡಿಕೆಯಲ್ಲೇ ಮಡಚಿ ದಿಂಬಿನ ಪಕ್ಕ ಇಟ್ಟ.

"ಬಿಟ್ಟು ಎಂತ ಮಾಡ್ತಿ?" ಎಂದಳು. ದಾರಿಯುದ್ದಕ್ಕೂ ಅವಳು ಉತ್ತರಗಳಿಗೆ ಸಿದ್ಧವಾಗಿದ್ದಳು. ಸಂಗೀತ ಎನ್ನಬಹುದು, ಬಿಸಿನೆಸ್ ಎನ್ನಬಹುದು, ಹುಡುಗಿ ಎನ್ನಬಹುದು. ಎಲ್ಲಕ್ಕೂ ಪ್ರತಿವಾದ ಹೊಂದಿಸಿಟ್ಟಿದ್ದಳು.

"ಎಂತ ಇಲ್ಲ."

"ಎಂತ ಇಲ್ಲ ಅಂದ್ರೆ?"

"ಮಾಡ್ಬೇಕು ಅಂತ ಎಂತದೂ ಇಲ್ಲ. ಬೆಳಿಗ್ಗೆ ಎದ್ದು ಶೂ ಹಾಕ್ಲಿಕ್ಕೆ ಆಗೋದಿಲ್ಲ. ಅಷ್ಟೇ."

ಅಡಿಗೆಮನೆಯಲ್ಲಿ ಕುಕ್ಕರು ಕೂಗಿತು.

"ನೀನು ಮುಗಿಸಿದೆಯಲ್ಲ," ಎಂದ. "ಮತ್ತೆ ಎಂತ ಆಯ್ತು?"

ಪರ್ಸು ಅವಳ ಮಡಿಲಲ್ಲಿತ್ತು. ಅದರ ಜಿಪ್ಪಿನ ಮೇಲೆ ಬೆರಳು ಹೋಯಿತು. ಕೊಟ್ಟರೆ ಅವನು ಅದನ್ನೂ ಹೀಗೇ ಗಟ್ಟಿಯಾಗಿ, ಅಕ್ಷರ ಅಕ್ಷರ ಬಿಡಿಸಿ ಓದುತ್ತಾನೆ. ಅದನ್ನು ಕೇಳುತ್ತ ತಾನು ಇಲ್ಲೇ ಕುಳಿತಿರಬೇಕಾಗುತ್ತದೆ.

"ಕೆಲಸ ಸಿಕ್ಕಿತಲ್ಲ," ಎಂದಳು.

ಅವನು ತಲೆಯಾಡಿಸಿದ. ತನ್ನ ಫೋನಿನ ಲಾಕು ತೆಗೆದು ಅವಳತ್ತ ಚಾಚಿದ. "ತುಂಬು. ನಿನಗೆ ಸಮಾಧಾನ ಆಗ್ತದಲ್ಲ."

"ನೀನೇ ತುಂಬಬೇಕು ಸುಹಾಸ."

"ಒಟಿಪಿ ಈ ಫೋನಿಗೇ ಬರ್ತದೆ. ತುಂಬು ಅಕ್ಕ."

ತುಂಬಿದಳು. ಹನ್ನೆರಡು ನಿಮಿಷ ಹಿಡಿಯಿತು. ಪೇಪರುಗಳ ಹೆಸರು ಒಂದೊಂದಾಗಿ ಆರಿಸಿದಳು, ಕೇಟಿಯ ಫಾರ್ಮು ಬೇರೆ ಮಾಡಿದಳು, ಅವನ ಸಹಿಯ ಹಳೆಯ ಫೋಟೋ ಸರಿಯಿದೆಯೇ ಎಂದು ನೋಡಿದಳು. ಕೆಲಸ ನಡೆಯುವಾಗ ಎದೆ ಹಗುರಾಗಿತ್ತು. ಅದಕ್ಕೆ ಅವಳಿಗೇ ಅಸಹ್ಯವಾಯಿತು. ಕೊನೆಗೆ, 'ಈ ಫಾರ್ಮನ್ನು ನಾನೇ, ಸ್ವಇಚ್ಛೆಯಿಂದ ತುಂಬಿದ್ದೇನೆ' ಎಂಬ ಚೌಕ. ಇದನ್ನು ಬೇರೆಯವರ ಕೈಯಲ್ಲಿ ಒತ್ತಿಸಬೇಡಿ ಎಂದು ಬೆಳಿಗ್ಗೆಯಿಂದ ಎಷ್ಟು ಜನಕ್ಕೆ ಹೇಳಿದ್ದಳೋ. ಒತ್ತಿದಳು.

"ಆಯ್ತು," ಎಂದಳು. "ನಾಡಿದ್ದು ಕಾಲೇಜು ಅಪ್ರೂವ್ ಮಾಡ್ತದೆ."

"ಥ್ಯಾಂಕ್ಸ್ ಅಕ್ಕ." ಅವನು ಜಾರಿ ಗೋಡೆಯ ಕಡೆ ಮುಖ ಮಾಡಿ ಮಲಗಿದ. "ನಂಗೆ ಮಲಗ್ಬೇಕು."

"ಆದಿತ್ಯವಾರ ಡಾಕ್ಟರ ಹತ್ರ ಹೋಗುವ."

ಹೊದಿಕೆ ಎಳೆದು ಹೊದೆಸಲೇ ಎಂದುಕೊಂಡಳು. ಸೆಖೆಯಿತ್ತು. ಹೊದೆಸಲಿಲ್ಲ.

ಚೇತನ ಮೆಟ್ಟಿಲವರೆಗೆ ಬಂದ. ಬಾಗಿಲನ್ನು ಹಿಂದಿನಿಂದ ಮೆಲ್ಲಗೆ ಎಳೆದುಕೊಂಡ.

"ದೀದಿ, ಹೇಳ್ಬೇಕೋ ಬೇಡ್ವೋ ಗೊತ್ತಾಗ್ತಿಲ್ಲ. ಫಾರ್ಮ್ ತುಂಬಿದ್ರಾ?"

"ತುಂಬಿದೆ."

"ಲೇಕಿನ್ ಅವ್ನು ಪ್ರಾಜೆಕ್ಟ್ ಗ್ರೂಪ್‌ನಲ್ಲಿ ಇಲ್ಲ. ನಾವು ನಾಲ್ಕು ಜನ ಇದ್ವಿ. ಸೋಮವಾರ ಗೈಡ್ ಹತ್ರ ಹೋಗಿ ನನ್ನ ಹೆಸ್ರು ತೆಗೀರಿ ಅಂತ ಅವ್ನೇ ಬರ್ದು ಕೊಟ್ಟ. ಸರ್ ತೆಗೆದ್ರು. ರಿಪೋರ್ಟ್ ಮೂರು ಹೆಸರಲ್ಲೇ ಹೋಯ್ತು."

ಪ್ರಾಜೆಕ್ಟ್ ಇಲ್ಲದಿದ್ದರೆ ಟರ್ಮ್ ವರ್ಕ್ ಇಲ್ಲ. ಟರ್ಮ್ ವರ್ಕ್ ಇಲ್ಲದಿದ್ದರೆ ಟರ್ಮ್ ಗ್ರಾಂಟ್ ಇಲ್ಲ. ನಿಯಮ ಅವಳ ತಲೆಯೊಳಗೆ ಕೌಂಟರಿನ ದನಿಯಲ್ಲೇ ಹೇಳಿಕೊಂಡಿತು. ಹಾಲ್‌ಟಿಕೆಟ್ಟು ಬರುವ ಮೊದಲೇ ಕಾಲೇಜು ಅವನ ಹೆಸರಿನ ಮುಂದೆ ಅಡ್ಡಗೆರೆ ಎಳೆಯುತ್ತದೆ. ಅವಳು ಫೋನಿನ ಮೇಲೆ ಬಗ್ಗಿಕೊಂಡಿದ್ದ ಹನ್ನೆರಡು ನಿಮಿಷವೂ ಅವನಿಗೆ ಇದು ಗೊತ್ತಿತ್ತು.

"ಸರ್ ಹತ್ರ ನೀವು ಬಂದು ರಿಕ್ವೆಸ್ಟ್ ಮಾಡಿದ್ರೆ..." ಎಂದ ಚೇತನ.

"ಅವನು ರಾತ್ರಿ ಒಬ್ಬನೇ ಇರ್ತಾನಾ?"

"ಇಲ್ಲ ದೀದಿ, ನಾನಿರ್ತೀನಿ."

"ಇರು. ಎಂತಾದ್ರೂ ಆದ್ರೆ ನನಗೆ ಫೋನ್ ಮಾಡು. ಯಾವ ಹೊತ್ತಾದ್ರೂ."

ಬಾಗಿಲು ಎರಡು ಹೆಜ್ಜೆ ದೂರದಲ್ಲಿತ್ತು. ಒಳಗೆ ಹೋದರೆ ಹೇಳಲು ಬೇರೇನಾದರೂ ಬೇಕಿತ್ತು. ಮೆಟ್ಟಿಲು ಇಳಿದಳು.

ಸ್ಟೇಷನ್ನಿನಲ್ಲಿ ಅಮ್ಮನಿಗೆ ಫೋನು ಮಾಡಿ, "ತುಂಬಿದ," ಎಂದಳು. ಆ ಕಡೆ ಅಮ್ಮ ದೇವರ ಹೆಸರು ಹೇಳಿದ್ದು ಕೇಳಿಸಿತು. "ಊಟವೂ ಆಗಿದೆ," ಎಂದು ಸೇರಿಸಿದಳು.

ಏಳು ಗಂಟೆಯ ಜನ. ಬಂದು ನಿಂತ ಲೋಕಲಿನಿಂದ ಎಲ್ಲರೂ ಇಳಿದರು. ಗಾಡಿ ಕಾರ್‌ಶೆಡ್ಡಿಗೆ ಹೋಗುತ್ತದೆ, ಯಾರೂ ಹತ್ತಬಾರದು ಎಂದು ಮೂರು ಭಾಷೆಯಲ್ಲಿ ಘೋಷಣೆಯಾಯಿತು. ಗಾಡಿ ಹೊರಟಿತು. ಖಾಲಿ ಡಬ್ಬಿಗಳು, ಎಲ್ಲ ದೀಪಗಳೂ ಉರಿಯುತ್ತ, ಎಲ್ಲ ಫ್ಯಾನುಗಳೂ ತಿರುಗುತ್ತ, ಕಂಬಿಗೆ ತೂಗುಬಿದ್ದ ನೂರಾರು ಹಿಡಿಗಳು ಒಂದೇ ತಾಳದಲ್ಲಿ ಓಲಾಡುತ್ತ ಅವಳ ಮುಂದೆ ಒಂದರ ಹಿಂದೊಂದು ಸರಿದವು. ಹೆಂಗಸರ ಡಬ್ಬಿಯಲ್ಲಿ ಒಬ್ಬಳು ಉಳಿದುಬಿಟ್ಟಿದ್ದಳು. ನಿದ್ದೆ ಹತ್ತಿತ್ತೋ ಏನೋ. ಬಾಗಿಲ ಕಂಬ ಹಿಡಿದು ನಿಂತು ಪ್ಲಾಟ್‌ಫಾರಂ ನೋಡುತ್ತಿದ್ದಳು. ಅವಳು ಕೂಗಲಿಲ್ಲ. ಜನರಲ್ಲೊಬ್ಬರು ನಕ್ಕರು. ವಿನೋದಿನಿಯ ಕೈ ಅರ್ಧ ಮೇಲೆದ್ದಿತು. ಗಾಡಿ ವೇಗ ಹಿಡಿದು, ಬೆಳಕು ತುಂಬಿಕೊಂಡು, ಯಾರೂ ಇಳಿಯದ ಕಡೆಗೆ ಹೋಯಿತು.