ಸೋಮಿಯ ಹೆಬ್ಬೆರಳು

ಮಂಗಳಗೌರಿ ಮೇಡಂಗೆ ಮಂಡಿ ನೋವು. ಕೆ.ಆರ್. ನಗರದಿಂದ ಹುಣಸೂರಿನವರೆಗೆ ಬಸ್ಸಿನಲ್ಲಿ ನಿಂತೇ ಬಂದು, ಟ್ರಸ್ಟ್ ಆಸ್ಪತ್ರೆಯ ಮೆಟ್ಟಿಲು ಹತ್ತುವಷ್ಟರಲ್ಲಿ ಅದು ಜೀವ ಹಿಂಡುತ್ತಿತ್ತು. ಬಾಗಿಲಲ್ಲಿ ವಾಚ್‌ಮನ್ "ಹುಷಾರಾಗಿದ್ದೀರಾ ಮೇಡಂ?" ಎಂದು ಕೇಳಿದರೆ "ಚೆನ್ನಾಗಿದ್ದೀನಪ್ಪ" ಎಂದು ಮುಂದೆ ಹೋಗುವುದು ಅವರ ರೂಢಿ. ಆ ಮಾತಿಗೆ ಅರ್ಥವೇನೂ ಇಲ್ಲ. ಕೇಳಿದವನಿಗೂ ಅದು ಗೊತ್ತು.

ನರ್ಸಿಂಗ್ ಹುಡುಗಿಯರಿಗೆ ಮೂಳೆ ವಾರ್ಡಿನ ಕೆಲಸ ಕಲಿಸುವುದು ಅವರ ಪಾಲಿಗೆ ಬಂದಿತ್ತು. ವರ್ಷ ವರ್ಷವೂ ಅದೇ ನೋಟ್ಸು. ಮುರಿದ ಕಾಲನ್ನು ಎಳೆದು ಹಿಡಿಯುವ ಟ್ರಾಕ್ಷನ್ನಿನ ತೂಕ ಗಾಳಿಯಲ್ಲಿ ತೂಗುತ್ತಿರಬೇಕು, ಹಗ್ಗ ರಾಟೆಯ ಮೇಲೆ ಸರಾಗವಾಗಿರಬೇಕು, ಪಾದ ಮಂಚದ ಕಂಬಿಗೆ ಒತ್ತಿಕೊಂಡಿರಬಾರದು. ಪ್ಲಾಸ್ಟರ್ ಹಾಕಿದ ಕಾಲಾದರೆ ಬೆರಳುಗಳ ಬಣ್ಣ, ಬಿಸಿ, ಅಲುಗಾಟ, ಸ್ಪರ್ಶ ನೋಡಬೇಕು. ಎಲ್ಲಕ್ಕೂ ಮೊದಲು ನೋವನ್ನು ವಿಚಾರಿಸಬೇಕು. ಹುಡುಗಿಯರು ಮಗ್ಗಿಯ ಹಾಗೆ ಉರು ಹೊಡೆದು ಒಪ್ಪಿಸುತ್ತಿದ್ದರು, ಪರೀಕ್ಷೆ ಮುಗಿದ ಮೇಲೆ ಮರೆಯುತ್ತಿದ್ದರು. ಮೇಡಂ ಕೂಡ ಈಚೆಗೆ ಕೋಪ ಮಾಡಿಕೊಳ್ಳುವುದನ್ನು ಬಿಟ್ಟಿದ್ದರು. ಕೋಪಕ್ಕೂ ಮೈಯಲ್ಲಿ ಕಸುವು ಬೇಕಲ್ಲ.

ಅಂದು ಮಧ್ಯಾಹ್ನ ವಾರ್ಡಿಗೆ ಕಾಲಿಟ್ಟರೆ ಅಂಕಯ್ಯನ ಟ್ರಾಕ್ಷನ್ ಮತ್ತೆ ಕೆಟ್ಟಿತ್ತು. ಅಂಕಯ್ಯ ರಾವಂದೂರಿನ ಕಡೆಯ ಮುದುಕ. ತೊಡೆಯ ಮೂಳೆ ಸೊಂಟದ ಹತ್ತಿರ ಮುರಿದು, ಮೈಸೂರಿನಲ್ಲಿ ಆಪರೇಷನ್ನಿಗೆ ಹಾಸಿಗೆ ಸಿಗುವವರೆಗೆ ಇಲ್ಲಿ ಮಲಗಿದ್ದ. ಅವನ ಕಾಲಿಗೆ ಕಟ್ಟಿದ್ದ ತೂಕದ ಚೀಲವನ್ನು ಯಾರೋ ಸ್ಟೂಲಿನ ಮೇಲೆ ಕೂರಿಸಿದ್ದರು. ಯಾರೋ ಏನು ಬಂತು, ಅವನ ಹೆಂಡತಿ ಬೀರಮ್ಮನೇ.

"ಎಷ್ಟು ಸಲ ಹೇಳೋದಮ್ಮ ನಿಮಗೆ? ಅದು ತೂಗ್ತಾ ಇರಬೇಕು."

"ಹಗಲೂ ರಾತ್ರಿ ಎಳೀತದಲ್ಲವ್ವ, ನೋಡಕ್ಕಾಗಕಿಲ್ಲ. ಒಸಿ ಉಸಿರಾಡ್ಲಿ ಅಂತ ಮಡಗ್ದೆ."

"ಎಳೆತ ನಿಂತರೆ ಸ್ನಾಯು ಬಿಗಿದುಕೊಂಡು ಇನ್ನೂ ನೋಯುತ್ತೆ. ನಿಮ್ಮ ಕರುಣೆ ಅವರ ಕಾಲಿಗೆ ಬೇಡ."

ಮೇಡಂ ಸ್ಟೂಲು ಸರಿಸಿ, ತೂಕವನ್ನು ನಿಧಾನವಾಗಿ ಇಳಿಬಿಟ್ಟರು. ಹುಡುಗಿಯರನ್ನು ಕರೆದು ಹಿಮ್ಮಡಿ, ಬ್ಯಾಂಡೇಜಿನ ಬಿಗಿ, ಪಾದ ಮೇಲಕ್ಕೆ ಎತ್ತಲು ಬರುತ್ತದೋ ಇಲ್ಲವೋ ಎಲ್ಲ ತೋರಿಸಿದರು. ಬೀರಮ್ಮ ಬೈಸಿಕೊಂಡಿದ್ದಕ್ಕೆ ಬೇಜಾರು ಮಾಡಿಕೊಳ್ಳುವ ಹೆಂಗಸಲ್ಲ. ಪಕ್ಕದ ಮಂಚದ ಕಡೆ ಗದ್ದ ತೋರಿಸಿ ಹೇಳಿದಳು:

"ಅವಳೇ ವಾಸಿ ಕಣವ್ವ. ಬೆಳಿಗ್ಗೆ ನರಳ್ತಾ ಇದ್ಲು, ಈಗ ಸದ್ದೇ ಇಲ್ಲ. ನಾನೇ ದಿಂಬು ಪೇರ್ಸಿ ಕಾಲು ಎತ್ತರಕ್ಕೆ ಮಡಗಿವ್ನಿ."

ಪಕ್ಕದ ಮಂಚದಲ್ಲಿದ್ದವಳು ಸೋಮಿ. ಎಚ್.ಡಿ. ಕೋಟೆ ಕಾಡಂಚಿನ ಗಿರಿಜನರ ಹಾಡಿಯವಳು. ಕೊಡಗಿನ ತೋಟದಲ್ಲಿ ಕೂಲಿಗೆ ಹೋದಾಗ ಜಾರಿ ಬಿದ್ದು ಮೊಣಕಾಲಿನ ಕೆಳಗೆ ಮೂಳೆ ಮುರಿದಿತ್ತು. ಹಿಂದಿನ ಸಂಜೆ ಡಾಕ್ಟರ್ ಶಿವಕುಮಾರ್ ಪ್ಲಾಸ್ಟರ್ ಹಾಕಿದ್ದರು. ದುಡಿಯುವ ಕಾಲು, ಅದಿಲ್ಲದಿದ್ದರೆ ಕಾಡೂ ಇಲ್ಲ, ಕೂಲಿಯೂ ಇಲ್ಲ.

"ನೋಡಿದ್ದೀನಿ ಮೇಡಂ" ಎಂದಳು ಹೇಮಶ್ರೀ. ಪಿರಿಯಾಪಟ್ಟಣದ ಚುರುಕು ಹುಡುಗಿ. "ಬೆರಳು ಬೆಚ್ಚಗಿದೆ. ಉಗುರು ಒತ್ತಿ ಬಿಟ್ಟರೆ ಕೂಡಲೇ ಕೆಂಪಾಗುತ್ತೆ. ಬೆರಳು ಆಡಿಸಿ ಅಂದೆ, ಆಡಿಸಿದರು. ನೋವು ಕೇಳಿದೆ, ಇಲ್ಲ ಅಂದ್ರು."

ಉತ್ತರ ಸರಿಯಾಗಿಯೇ ಇತ್ತು. ಮೇಡಂ ಹ್ಞೂಂ ಎಂದು ಹೊರಡುವವರಿದ್ದರು. ಕೂರಲು ಒಂದು ಕುರ್ಚಿ ಸಿಕ್ಕರೆ ಸಾಕೆನಿಸಿತ್ತು. ಆದರೆ ಬೀರಮ್ಮನ ಮಾತು ಕಿವಿಯಲ್ಲೇ ಉಳಿದಿತ್ತು. ನಿನ್ನೆ ಮೂಳೆ ಮುರಿದವಳಿಗೆ ಇವತ್ತು ನೋವೇ ಇಲ್ಲವೆಂದರೆ ಏನರ್ಥ? ತಿರುಗಿ ನೋಡಿದರು. ಸೋಮಿಯ ಹಣೆಯಲ್ಲಿ ಬೆವರು. ಒಂದು ಕೈ ಮಂಚದ ಕಂಬಿಯನ್ನು ಬಿಗಿಯಾಗಿ ಹಿಡಿದಿತ್ತು.

"ನೋವಿದೆಯಾ ಸೋಮಿ?"

"ಇಲ್ಲ ಕಣವ್ವ. ವಾಸಿ."

ಮೇಡಂ ಅವಳ ಹೆಬ್ಬೆರಳನ್ನು ಹಿಡಿದು, ಮೆಲ್ಲಗೆ ಮೇಲಕ್ಕೆ ಎತ್ತಿದರು.

ಸೋಮಿ ಕೂಗಲಿಲ್ಲ. ತುಟಿ ಕಚ್ಚಿದಳು. ಕಣ್ಣಿಂದ ನೀರು ತಾನಾಗಿ ಇಳಿದು ಕಿವಿಯ ಕಡೆ ಹರಿಯಿತು. ಹೆಬ್ಬೆರಳಿಗೂ ಅದರ ಪಕ್ಕದ್ದಕ್ಕೂ ನಡುವೆ ಹತ್ತಿಯಿಂದ ಮುಟ್ಟಿದರೆ ಗೊತ್ತೇ ಆಗಲಿಲ್ಲ ಅವಳಿಗೆ.

"ಅವಳಾಗಿ ಆಡಿಸಿದ್ದು ಸಾಲದು. ನಾವು ಎತ್ತಿ ನೋಡಬೇಕು" ಎಂದರು ಮೇಡಂ, ದನಿ ಏರಿಸದೆ. "ಉಗುರು ಕೆಂಪಿದ್ದರೂ ಒಳಗೆ ಊದಿ, ಒತ್ತಡಕ್ಕೆ ಮಾಂಸ ಸಾಯ್ತಾ ಇರಬಹುದು. ಹೇಮಶ್ರೀ, ಓಡು, ಡಾಕ್ಟರನ್ನ ಕರಿ. ಪ್ಲಾಸ್ಟರ್ ಬಿಚ್ಚೋ ಸಾಮಾನು ತರೋಕೆ ಹೇಳು. ಬೀರಮ್ಮ, ಅವಳಿಗೆ ಏನೂ ಕುಡಿಸಬೇಡಿ, ನೀರೂ ಬೇಡ." ಪೇರಿಸಿದ್ದ ದಿಂಬುಗಳನ್ನು ತಾವೇ ತೆಗೆದು, ಕಾಲನ್ನು ಎದೆಯ ಮಟ್ಟಕ್ಕೆ ಇಳಿಸಿದರು. ಎತ್ತರಕ್ಕಿಟ್ಟರೆ ಅಷ್ಟಿಷ್ಟು ಹೋಗುವ ರಕ್ತವೂ ಹೋಗುವುದಿಲ್ಲ.

"ಯಾಕೆ ಸುಳ್ಳು ಹೇಳಿದೆ?"

ಸೋಮಿ ಬೀರಮ್ಮನ ಕಡೆ ನೋಡಿದಳು. ಬೀರಮ್ಮನ ಮುಖ ಕಪ್ಪಿಟ್ಟಿತು.

"ನಾನೇ ಅಂದಿದ್ದು ಕಣವ್ವ. ನೋವು ನೋವು ಅಂದ್ರೆ ಮೈಸೂರಿಗೆ ಬರ್ದುಬುಡ್ತಾರೆ, ಅಲ್ಲಿ ಕಾಲು ಕುಯ್ತಾರೆ, ತಡ್ಕೋ ಅಂದೆ. ಒಳ್ಳೇದಕ್ಕೇ ಅಂದೆ."

ಒಳ್ಳೆಯದಕ್ಕೇ ಅಂದಿದ್ದಳು, ಅದರಲ್ಲಿ ಅನುಮಾನವಿಲ್ಲ. ಸ್ಟೂಲನ್ನೂ ಒಳ್ಳೆಯದಕ್ಕೇ ಇಟ್ಟಿದ್ದಳು. ಮೇಡಂಗೆ ಬೈಯಲು ಮನಸ್ಸಾಗಲಿಲ್ಲ.

ಶಿವಕುಮಾರ್ ಬಂದವರೇ ಪ್ಲಾಸ್ಟರನ್ನೂ ಒಳಗಿನ ಹತ್ತಿಯನ್ನೂ ಚರ್ಮ ಕಾಣುವವರೆಗೆ ಉದ್ದಕ್ಕೆ ಸೀಳಿ ಬಿಡಿಸಿದರು. ಸ್ವಲ್ಪ ಹೊತ್ತು ಕಾದರು. ಮೀನಖಂಡ ಕಲ್ಲಿನಂತೆ ಬಿಗಿದೇ ಇತ್ತು, ಬೆರಳು ಎತ್ತಿದರೆ ಅದೇ ನೋವು.

"ಒಳಗಿನ ಒತ್ತಡ ಇಳೀತಿಲ್ಲ. ತಡ ಮಾಡಿದರೆ ಕಾಲು ಹೋಗುತ್ತೆ. ಇಲ್ಲಿ ಇವತ್ತು ಮತ್ತು ಕೊಡೋ ಡಾಕ್ಟರಿಲ್ಲ. ಮೈಸೂರಿಗೆ ಕಳಿಸಿ, ನಾನು ಫೋನ್ ಮಾಡ್ತೀನಿ."

ಸೋಮಿಗೆ ಬೇರೇನೂ ಕೇಳಿಸಲಿಲ್ಲ, ಮೈಸೂರು ಎಂಬುದೊಂದು ಕೇಳಿಸಿತು. ಅವಳ ಗಂಡ ಚಿಕ್ಕಮಾದ ಬಾಗಿಲ ಬಳಿ ಟವೆಲ್ಲನ್ನು ಕೈಯಲ್ಲಿ ಹಿಂಡುತ್ತ ನಿಂತಿದ್ದ.

"ಒಲ್ಲೆ. ಹಾಡಿಗೆ ಓಗ್ತೀನಿ" ಎಂದಳು ಸೋಮಿ. "ಕುಯ್ತಾರೆ."

ಮೇಡಂ ಮಂಚದ ಅಂಚಿನಲ್ಲೇ ಕೂತರು. ನಿಲ್ಲಲು ಆಗುತ್ತಿರಲಿಲ್ಲ.

"ಕುಯ್ತಾರೆ, ಸುಳ್ಳು ಹೇಳಲ್ಲ. ಚರ್ಮ ಸೀಳಿ ಒಳಗಿನ ಬಿಗಿ ಬಿಡಿಸ್ತಾರೆ. ದೊಡ್ಡ ಗಾಯವೇ ಆಗುತ್ತೆ. ಕಾಲು ಉಳೀಲಿ ಅಂತ ಕುಯ್ಯೋದು. ಈಗ ಹಾಡಿಗೆ ಹೋದರೆ ಆಮೇಲೆ ಕಾಲನ್ನೇ ತೆಗೀಬೇಕಾಗುತ್ತೆ."

ಸೋಮಿ ಮಂಚದ ಕಂಬಿ ಬಿಟ್ಟು ಅವರ ಕೈ ಹಿಡಿದಳು.

"ನೀನೂ ಬತ್ತೀಯ?"

ಕೆ.ಆರ್. ನಗರದ ಬಸ್ಸಿನ ಹೊತ್ತಾಗಿತ್ತು. ಮನೆಯಲ್ಲಿ ಬಿಸಿನೀರಿನ ಚೀಲ ಕಾಯುತ್ತಿತ್ತು. ಮೇಡಂಗೆ ಅಳು ಬರುವಷ್ಟು ದಣಿವಾಗಿತ್ತು.

"ಬರ್ತೀನಿ" ಎಂದರು.

ಆಂಬುಲೆನ್ಸಿಗೆ ಹೇಮಶ್ರೀಯೂ ಹತ್ತಿದಳು, ಯಾರೂ ಕರೆದಿರಲಿಲ್ಲ. ದಾರಿಯುದ್ದಕ್ಕೂ ಅವಳು ಸೋಮಿಯ ಕಾಲಿನ ಪಕ್ಕದಲ್ಲೇ ಕೂತು ಬೆರಳು ಮುಟ್ಟಿ ಮುಟ್ಟಿ ಕೇಳುತ್ತಿದ್ದಳು. ಈ ಸಲ ಉತ್ತರ ಬರುವವರೆಗೂ ಕಾಯುತ್ತಿದ್ದಳು.

ಮೈಸೂರಿನಲ್ಲಿ ಆಪರೇಷನ್ ಆಯಿತು. ಮರುದಿನ ಬೆಳಿಗ್ಗೆ ಮೇಡಂ ವಾರ್ಡಿಗೆ ಹೋದಾಗ ಸೋಮಿಗೆ ಮತ್ತು ಇಳಿದಿತ್ತು. ಕಾಲಿನ ತುಂಬ ದಪ್ಪನೆಯ ಡ್ರೆಸ್ಸಿಂಗು. ಹೆಬ್ಬೆರಳಿನ ಪಕ್ಕದ ಸಂದಿಯಲ್ಲಿ ಮೇಡಂ ಹತ್ತಿ ಆಡಿಸಿದರು. ಸೋಮಿ ಕಾಲು ಹಿಂದಕ್ಕೆಳೆದುಕೊಳ್ಳಲು ನೋಡಿದಳು.

"ಗೊತ್ತಾಯ್ತಾ?"

"ಊಂ. ಇರುವೆ ಓಡಾಡ್ದಂಗೆ."

"ನೋವಿದೆಯಾ?"

ಸೋಮಿ ಡ್ರೆಸ್ಸಿಂಗಿನ ಕಡೆ ನೋಡಿದಳು.

"ಐತೆ ಕಣವ್ವ. ಕುಯ್ದಿರೋ ಕಡೆ ಉರೀತದೆ."

ಮೇಡಂ ಸ್ಟೂಲು ಎಳೆದುಕೊಂಡು ಕೂತರು. ಕೂರುವಾಗ ಬಾಯಿಂದ ತಡೆಯಲಾಗದೆ ಹಾ ಎಂಬ ಸದ್ದು ಹೊರಟಿತು. ಸೋಮಿ ತಲೆ ಹೊರಳಿಸಿ ಅವರ ಮಂಡಿಯನ್ನು ನೋಡಿದಳು.

"ನಿಂಗೂ ನೋಯ್ತದಾ?"

ಚೆನ್ನಾಗಿದ್ದೀನಿ ಎನ್ನಲು ಬಾಯಿ ತೆರೆದವರು ಮಂಡಿಯ ಮೇಲೆ ಕೈಯಿಟ್ಟುಕೊಂಡರು.

"ನೋಯುತ್ತೆ ಕಣೆ" ಎಂದರು. "ತುಂಬಾ ದಿನದಿಂದ ನೋಯುತ್ತೆ."